ಟೆಂಡರ್ ಹಾಕುವ ಮುನ್ನ ಬರೆಯಬೇಕಾದ ಪತ್ರ

ನವೋದಯ ವಿದ್ಯಾಲಯ ಸಮಿತಿ ತನ್ನ ಶಾಲೆಗಳ ಮಕ್ಕಳಿಗಾಗಿ ಸುಮಾರು 69 ಸಾವಿರ ಟ್ಯಾಬ್ಲೆಟ್‌ಗಳನ್ನು ಕೊಳ್ಳಲು ಟೆಂಡರ್ ಕರೆದಿತ್ತು. ಅದರಲ್ಲಿ ಭಾಗವಹಿಸುವವರು ಹಿಂದೆ ಅದೇ ವಸ್ತುವನ್ನೋ ಅದನ್ನು ಹೋಲುವ ವರ್ಗದ ವಸ್ತುವನ್ನೋ ನಿಗದಿತ ಪ್ರಮಾಣದಲ್ಲಿ ಪೂರೈಸಿರಬೇಕು ಎಂಬ ಷರತ್ತಿತ್ತು. ಒಂದು ಕಂಪನಿ ತಾನು ಪೂರೈಸಿದ್ದ ಸ್ಮಾರ್ಟ್‌ಫೋನ್‌ಗಳ ದಾಖಲೆ ಲಗತ್ತಿಸಿತು. ಸ್ಮಾರ್ಟ್‌ಫೋನ್ ಬೇರೆ, ಟ್ಯಾಬ್ಲೆಟ್ ಬೇರೆ ಎಂದು ಸಮಿತಿ ಅದರ ತಾಂತ್ರಿಕ ಬಿಡ್ಡನ್ನು ತಿರಸ್ಕರಿಸಿತು. ಕಂಪನಿ ದೆಹಲಿ ಹೈಕೋರ್ಟಿಗೆ ಹೋಗಿ ಗೆದ್ದಿತು. ಆದರೆ 2022ರ ಜನವರಿ 31ರಂದು ಸುಪ್ರೀಂ ಕೋರ್ಟ್ ಆ ತೀರ್ಪನ್ನು ರದ್ದುಮಾಡಿತು. ಟೆಂಡರ್ ದಸ್ತಾವೇಜನ್ನು ಬರೆದವರೇ ಅದರ ಅರ್ಥವನ್ನು ಹೇಳಲು ಸೂಕ್ತರು. ಅವರ ಅರ್ಥ ಒಪ್ಪುವಂತಿದ್ದರೆ, ದುರುದ್ದೇಶ ಕಾಣದಿದ್ದರೆ, ನ್ಯಾಯಾಲಯ ತನ್ನದೊಂದು ಅರ್ಥವನ್ನು ಅದರ ಮೇಲೆ ಹೇರುವುದಿಲ್ಲ ಎಂಬುದು ಆ ತೀರ್ಪಿನ ತಿರುಳು. ವಕೀಲರು ಇದನ್ನು ಅಗ್ಮಾಟೆಲ್ ಪ್ರಕರಣ ಎನ್ನುತ್ತಾರೆ. 2016ರಲ್ಲಿ ನಾಗಪುರ ಮೆಟ್ರೊ ಕಾಮಗಾರಿಯ ವ್ಯಾಜ್ಯದಲ್ಲೂ ಸುಪ್ರೀಂ ಕೋರ್ಟ್ ಇದೇ ಮಾತು ಹೇಳಿತ್ತು. ಊರೂರುಗಳ ನಡುವೆ ಓಡುವ ರೈಲು ಮಾರ್ಗ ಕಟ್ಟಿದ ಅನುಭವ ಮೆಟ್ರೊ ಕಾಮಗಾರಿಯ ಅನುಭವ ಆಗುತ್ತದೆಯೇ ಎಂಬುದು ಅಲ್ಲಿನ ಪ್ರಶ್ನೆ.

ಈ ತೀರ್ಪುಗಳನ್ನು ದೊಡ್ಡ ಕಂಪನಿಗಳ ಜಗಳ ಎಂದು ಬದಿಗಿಡುವಂತಿಲ್ಲ. ತಾಲ್ಲೂಕು ಮಟ್ಟದಲ್ಲಿ ಶಾಲೆಯ ಕೊಠಡಿ ಕಟ್ಟುವವರಿಗೆ, ಹಾಸ್ಟೆಲ್ಲಿಗೆ ದಿನಸಿ ಪೂರೈಸುವವರಿಗೆ, ಆಸ್ಪತ್ರೆಯ ಸ್ವಚ್ಛತೆಯ ಗುತ್ತಿಗೆ ಹಿಡಿಯುವವರಿಗೆ ಇವು ನೇರವಾಗಿ ತಟ್ಟುತ್ತವೆ. ಷರತ್ತು ಎರಡು ಅರ್ಥ ಕೊಡುವಂತಿದ್ದರೆ, ಬಿಡ್ ತೆರೆದ ಮೇಲೆ ಬಹುಮಟ್ಟಿಗೆ ಇಲಾಖೆ ಹೇಳಿದ್ದೇ ಅರ್ಥ. ಬಿಡ್ಡುದಾರನ ಮಾತಿಗೆ ತೂಕವಿರುವುದು ಅದಕ್ಕಿಂತ ಮುಂಚೆ ಮಾತ್ರ, ಪ್ರಕಟಣೆಯ ದಿನಕ್ಕೂ ಸಲ್ಲಿಕೆಯ ಕೊನೆಯ ದಿನಕ್ಕೂ ನಡುವಿನ ಆ ಕೆಲವು ದಿನಗಳಲ್ಲಿ. ಆ ದಿನಗಳಲ್ಲಿ ಲಿಖಿತವಾಗಿ ಸ್ಪಷ್ಟೀಕರಣ ಕೇಳುವ ಅವಕಾಶ ದಸ್ತಾವೇಜಿನಲ್ಲೇ ಇರುತ್ತದೆ. ಬಳಸುವವರು ಮಾತ್ರ ಕಡಿಮೆ.

ಕರ್ನಾಟಕದಲ್ಲಿ ಸರ್ಕಾರಿ ಟೆಂಡರ್‌ಗಳು ನಡೆಯುವುದು 1999ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮದ ಅಡಿಯಲ್ಲಿ. ಇದನ್ನು ಕಚೇರಿಗಳಲ್ಲಿ ಕೆಟಿಪಿಪಿ ಕಾಯ್ದೆ ಎಂದೇ ಕರೆಯುತ್ತಾರೆ. ಇದರಡಿ ಕಾಮಗಾರಿಗಳಿಗೆ ಸಿದ್ಧ ಮಾದರಿಯ ಟೆಂಡರ್ ದಸ್ತಾವೇಜುಗಳಿವೆ. ಅವುಗಳಲ್ಲಿ ಗುತ್ತಿಗೆದಾರರಿಗೆ ಚಿರಪರಿಚಿತವಾದ ಒಂದು ಕೆಡಬ್ಲ್ಯು-4. ಸ್ಪಷ್ಟೀಕರಣದ ಬಗ್ಗೆ ಅದರಲ್ಲಿ ಹೇಳಿರುವುದು ಸರಳವಾಗಿದೆ. ಟೆಂಡರ್ ಹಾಕಬಯಸುವವರು ಲಿಖಿತವಾಗಿ ಕೇಳಬಹುದು. ಸಲ್ಲಿಕೆಯ ಕೊನೆಯ ದಿನಕ್ಕೆ 15 ದಿನ ಮೊದಲೇ ಬಂದ ಪ್ರಶ್ನೆಗೆ ಇಲಾಖೆ ಉತ್ತರ ಕೊಡುತ್ತದೆ. ಆ ಉತ್ತರ ಕೇಳಿದವರೊಬ್ಬರಿಗಲ್ಲ, ದಸ್ತಾವೇಜು ಪಡೆದ ಎಲ್ಲರಿಗೂ ಹೋಗುತ್ತದೆ. ಪ್ರಶ್ನೆ ಏನೆಂಬುದು ಅದರಲ್ಲಿ ಇರುತ್ತದೆ, ಕೇಳಿದ್ದು ಯಾರೆಂಬುದು ಇರುವುದಿಲ್ಲ.

ಇದರ ಬೆಲೆ ಎಷ್ಟೆಂದು ತಿಳಿಯಲು ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಕೊಪ್ಪಳ ಜಿಲ್ಲೆಯ ಒಂದು ಹಳ್ಳಿಯ ಪ್ರೌಢಶಾಲೆಗೆ ನಾಲ್ಕು ಕೊಠಡಿ ಕಟ್ಟುವ ಕಾಮಗಾರಿ. ಗುತ್ತಿಗೆದಾರ ದಸ್ತಾವೇಜು ಇಳಿಸಿಕೊಂಡು ಓದುತ್ತಾನೆ. ಟೆಂಡರುದಾರರಿಗೆ ಸೂಚನೆಗಳು ಎಂಬ ಭಾಗದಲ್ಲಿ, ಗುತ್ತಿಗೆದಾರ ಕಟ್ಟಬೇಕಾದ ಎಲ್ಲ ತೆರಿಗೆ, ಸುಂಕಗಳನ್ನು ದರದಲ್ಲೇ ಸೇರಿಸಬೇಕು ಎಂದಿದೆ. ಇದು ಮಾದರಿ ದಸ್ತಾವೇಜಿನಲ್ಲಿ ಮೊದಲಿನಿಂದ ಇರುವ ಸಾಲು. ಕೊನೆಯಲ್ಲಿರುವ ಶೆಡ್ಯೂಲ್ ಬಿ, ಅಂದರೆ ಕೆಲಸದ ಬಾಬತ್ತು ಮತ್ತು ಪ್ರಮಾಣಗಳ ಪಟ್ಟಿಯ ಕೆಳಗೆ ಮಾತ್ರ ಸಣ್ಣ ಅಕ್ಷರದಲ್ಲಿ 'ಜಿಎಸ್‌ಟಿಯನ್ನು ಪ್ರತ್ಯೇಕವಾಗಿ ಪಾವತಿಸಲಾಗುವುದು' ಎಂದಿದೆ. ಎಸ್ಟಿಮೇಟ್ ತಯಾರಿಸಿದವರು ಸೇರಿಸಿದ ಸಾಲು ಅದು. ಎರಡನ್ನೂ ಒಬ್ಬರೇ ಕೂತು ಓದಿ ತಾಳೆ ನೋಡಿಲ್ಲ. ಟೆಂಡರ್‌ಗಳಲ್ಲಿ ಗೊಂದಲ ಹುಟ್ಟುವುದು ಹೆಚ್ಚಾಗಿ ಹೀಗೆಯೇ. ಹಳೆಯ ಮಾದರಿಯ ಮೇಲೆ ಹೊಸ ಸಾಲು ಅಂಟಿಸುವಾಗ ಹಳೆಯದನ್ನು ತೆಗೆಯಲು ಮರೆಯುತ್ತಾರೆ.

ಗುತ್ತಿಗೆದಾರನ ಲೆಕ್ಕದಲ್ಲಿ ತೆರಿಗೆ ಬಿಟ್ಟು ಕೆಲಸದ ಬೆಲೆ 1 ಕೋಟಿ 50 ಲಕ್ಷ ರೂಪಾಯಿ. ಸಿಮೆಂಟು, ಕಬ್ಬಿಣಕ್ಕೆ ಕೊಟ್ಟ ತೆರಿಗೆಯ ಜಮೆಯನ್ನು ಅವನು ಈ ಲೆಕ್ಕದಲ್ಲೇ ಕಳೆದಿದ್ದಾನೆ ಎಂದಿಟ್ಟುಕೊಳ್ಳಿ. ಸರ್ಕಾರಿ ಕಾಮಗಾರಿ ಗುತ್ತಿಗೆಯ ಮೇಲಿನ ಜಿಎಸ್‌ಟಿ 2022ರ ಜುಲೈ 18ರಿಂದ ಶೇ. 12ರ ಬದಲು 18 ಆಯಿತು. 1.50 ಕೋಟಿಗೆ ಅದು 27 ಲಕ್ಷ. ತೆರಿಗೆ ಸೇರಿಸಿ ಬರೆದರೆ ಬಿಡ್ 1.77 ಕೋಟಿ. ಅಡಿಟಿಪ್ಪಣಿ ನಂಬಿ ಸೇರಿಸದೆ ಬರೆದರೆ 1.50 ಕೋಟಿ.

ಸೇರಿಸಿ ಬರೆದವನು, ಸೇರಿಸದ ಇನ್ನೊಬ್ಬನ ಎದುರು ಕೆಲಸ ಕಳೆದುಕೊಳ್ಳುತ್ತಾನೆ. ಸೇರಿಸದೆ ಬರೆದವನು ಎಲ್1 ಆಗುತ್ತಾನೆ, ಊರಲ್ಲಿ ಪೇಡಾ ಹಂಚುತ್ತಾನೆ. ಮೊದಲ ಬಿಲ್ ಇಟ್ಟಾಗ ಲೆಕ್ಕಪತ್ರ ಶಾಖೆಯವರು ಸೂಚನೆಗಳ ಭಾಗ ತೆರೆದು ತೋರಿಸುತ್ತಾರೆ: ದರದಲ್ಲಿ ಎಲ್ಲ ತೆರಿಗೆ ಸೇರಿದೆ. ಆಗ ಅವನ 1.50 ಕೋಟಿಯೊಳಗೇ ಜಿಎಸ್‌ಟಿ ಅಡಗಿದೆ ಎಂದಾಗುತ್ತದೆ. 1.50 ಕೋಟಿಯನ್ನು 1.18ರಿಂದ ಭಾಗಿಸಿದರೆ ಕೆಲಸಕ್ಕೆ ಉಳಿಯುವುದು ಸುಮಾರು 1 ಕೋಟಿ 27 ಲಕ್ಷ. ಹತ್ತಿರ ಹತ್ತಿರ 23 ಲಕ್ಷ ಕೈಬಿಟ್ಟಿತು. ನಾಲ್ಕು ಕೊಠಡಿಯ ಕೆಲಸದಲ್ಲಿ ಅಷ್ಟು ಲಾಭವೇ ಇರುವುದಿಲ್ಲ. ಆಗ ಕೆಲಸ ಅರ್ಧಕ್ಕೆ ನಿಲ್ಲುತ್ತದೆ, ಇಲ್ಲವೇ ಕಬ್ಬಿಣ, ಸಿಮೆಂಟಿನಲ್ಲಿ ಕೈಹಿಡಿತ ಶುರುವಾಗುತ್ತದೆ. ಮಳೆಗಾಲಕ್ಕೆ ಸೋರುವ ಕೊಠಡಿಯಲ್ಲಿ ಕೂರುವುದು ಮಕ್ಕಳು.

ಅಡಿಟಿಪ್ಪಣಿಯಲ್ಲಿ ಬರೆದಿದೆಯಲ್ಲ, ಅದಕ್ಕೆ ಬೆಲೆಯಿಲ್ಲವೇ ಎಂದು ಅವನು ಕೇಳಬಹುದು. ಗುತ್ತಿಗೆಯ ಷರತ್ತುಗಳಲ್ಲಿ ಒಂದು ಆದ್ಯತೆಯ ಪಟ್ಟಿ ಇರುತ್ತದೆ. ದಸ್ತಾವೇಜಿನ ಎರಡು ಭಾಗಗಳು ಪರಸ್ಪರ ಹೊಂದದಿದ್ದರೆ ಯಾವುದು ಮೇಲು ಎಂದು ಅದು ಹೇಳುತ್ತದೆ. ಕರಾರು ಪತ್ರ ಮೊದಲು, ಆಮೇಲೆ ಅಂಗೀಕಾರ ಪತ್ರ, ಗುತ್ತಿಗೆದಾರನ ಟೆಂಡರ್, ಗುತ್ತಿಗೆಯ ಮಾಹಿತಿ, ಷರತ್ತುಗಳು, ತಾಂತ್ರಿಕ ವಿವರಣೆಗಳು, ನಕ್ಷೆಗಳು. ಪ್ರಮಾಣಗಳ ಪಟ್ಟಿ ಬರುವುದು ಇವೆಲ್ಲದರ ಕೆಳಗೆ. ದುಡ್ಡಿನ ಲೆಕ್ಕ ಇರುವ ಕಾಗದ ಅದೇ ಆದ್ದರಿಂದ ಬಹುತೇಕ ಗುತ್ತಿಗೆದಾರರು ಅದೊಂದನ್ನೇ ಓದುತ್ತಾರೆ. ವ್ಯಾಜ್ಯ ಬಂದಾಗ ಅದರ ಬಲ ಕಡಿಮೆ ಎಂಬುದು ಅವರಿಗೆ ತಿಳಿಯುವುದು ತಡವಾಗಿ.

ಇಂಥ ಗೊಂದಲ ಕಂಡಾಗ ನಮ್ಮ ಕಡೆ ಸಾಮಾನ್ಯವಾಗಿ ನಡೆಯುವುದು ಒಂದು ಫೋನ್ ಕರೆ.

"ಸರ, ಜಿಎಸ್‌ಟಿ ರೇಟಿನ್ಯಾಗ ಸೇರಸಬೇಕೋ, ಬ್ಯಾರೆ ಕೊಡತೀರೋ?"

"ಬ್ಯಾರೆ ಕೊಡತೀವಿ, ನೀವು ಹಾಕ್ರಿ."

ಹೇಳಿದ ಇಂಜಿನಿಯರ್ ಒಳ್ಳೆಯ ಮನಸ್ಸಿನಿಂದಲೇ ಹೇಳಿರುತ್ತಾರೆ. ಆದರೆ ಬಿಲ್ ಬರುವ ಹೊತ್ತಿಗೆ ಅವರಿಗೆ ವರ್ಗವಾಗಿರುತ್ತದೆ, ಹೊಸಬರ ಮುಂದೆ ಇರುವುದು ಕಡತ ಮಾತ್ರ. ಫೋನಿನ ಮಾತು ಕಡತಕ್ಕೆ ಹೋಗುವುದಿಲ್ಲ. ಹೋಗಬೇಕೂ ಇಲ್ಲ. ಒಬ್ಬ ಬಿಡ್ಡುದಾರನಿಗೆ ಮಾತ್ರ ಗೊತ್ತಿರುವ ಉತ್ತರ ಉಳಿದವರಿಗೆ ಅನ್ಯಾಯ.

ಎರಡನೆಯ ತಪ್ಪು ದಾರಿ, ತನಗೆ ತೋಚಿದ ಅರ್ಥವನ್ನು ಬಿಡ್ಡಿನ ಜೊತೆಗಿನ ಪತ್ರದಲ್ಲಿ ಬರೆದುಬಿಡುವುದು: 'ನಮ್ಮ ದರಗಳಲ್ಲಿ ಜಿಎಸ್‌ಟಿ ಸೇರಿಲ್ಲ'. ಕೆಲಸ ಕೈತಪ್ಪಿಸಿಕೊಳ್ಳಲು ಇದಕ್ಕಿಂತ ಸುಲಭದ ಹಾದಿಯಿಲ್ಲ. ಷರತ್ತು ಹಾಕಿದ ಬಿಡ್ಡನ್ನು ಪರಿಗಣಿಸುವುದಿಲ್ಲ ಎಂದು ದಸ್ತಾವೇಜು ಮೊದಲೇ ಹೇಳಿರುತ್ತದೆ. ಸಲ್ಲಿಕೆಗೆ ಮುಂಚೆ ಕೇಳಿದ್ದರೆ ಪ್ರಶ್ನೆಯಾಗಿರುತ್ತಿದ್ದ ಅದೇ ಸಾಲು, ಬಿಡ್ಡಿನೊಳಗೆ ಸೇರಿದಾಗ ತಿರಸ್ಕಾರಕ್ಕೆ ಕಾರಣವಾಗುತ್ತದೆ.

ಆದ್ದರಿಂದ ಪತ್ರ ಬರೆಯಬೇಕು. ಹೇಗೆ ಬರೆಯುತ್ತೇವೆ ಎಂಬುದರ ಮೇಲೆ ಎಂಥ ಉತ್ತರ ಬರುತ್ತದೆ ಎಂಬುದು ನಿಂತಿದೆ. 'ಜಿಎಸ್‌ಟಿ ಬಗ್ಗೆ ಸ್ಪಷ್ಟಪಡಿಸಿ' ಎಂದಷ್ಟೇ ಕೇಳಿದರೆ 'ಟೆಂಡರ್ ದಸ್ತಾವೇಜಿನಂತೆ' ಎಂಬ ಎರಡು ಪದದ ಉತ್ತರ ಬರುತ್ತದೆ. ಕಚೇರಿಗಳಿಗೆ ಅತ್ಯಂತ ಪ್ರಿಯವಾದ ಉತ್ತರ ಅದು, ಯಾರಿಗೂ ಉಪಯೋಗವಿಲ್ಲದ್ದೂ ಅದೇ. ಆ ಉತ್ತರ ಕೊಡಲು ಆಗದಂತೆ ಪ್ರಶ್ನೆ ಇಡಬೇಕು. ನಮ್ಮ ಉದಾಹರಣೆಯ ಗುತ್ತಿಗೆದಾರ ಕಾರ್ಯಪಾಲಕ ಇಂಜಿನಿಯರರಿಗೆ ಹೀಗೆ ಬರೆಯಬಹುದು:

ಮಾನ್ಯರೇ,

ವಿಷಯ: ಪ್ರೌಢಶಾಲೆಯ ನಾಲ್ಕು ಕೊಠಡಿಗಳ ನಿರ್ಮಾಣ ಕಾಮಗಾರಿಯ ಟೆಂಡರ್ ದಸ್ತಾವೇಜಿಗೆ ಸ್ಪಷ್ಟೀಕರಣ ಕೋರಿ.

ಉಲ್ಲೇಖ: ತಮ್ಮ ಕಚೇರಿಯ ಟೆಂಡರ್ ಪ್ರಕಟಣೆ, ಸಂಖ್ಯೆ ಮತ್ತು ದಿನಾಂಕ.

ಮೇಲ್ಕಂಡ ದಸ್ತಾವೇಜಿನ ಪುಟ 14ರಲ್ಲಿ, ಗುತ್ತಿಗೆದಾರರು ಪಾವತಿಸಬೇಕಾದ ಎಲ್ಲ ತೆರಿಗೆಗಳು ದರದಲ್ಲಿ ಸೇರಿರಬೇಕು ಎಂದಿದೆ. ಪುಟ 61ರಲ್ಲಿ, ಶೆಡ್ಯೂಲ್ ಬಿ ಅಡಿಟಿಪ್ಪಣಿಯಲ್ಲಿ, ಜಿಎಸ್‌ಟಿಯನ್ನು ಪ್ರತ್ಯೇಕವಾಗಿ ಪಾವತಿಸಲಾಗುವುದು ಎಂದಿದೆ. ಇವೆರಡೂ ಒಟ್ಟಿಗೆ ಅನ್ವಯಿಸಲು ಬರುವುದಿಲ್ಲ. ಆದ್ದರಿಂದ, (ಅ) ನಮೂದಿಸುವ ದರ ಜಿಎಸ್‌ಟಿ ಒಳಗೊಂಡಿರಬೇಕೇ, ಅಥವಾ (ಆ) ಜಿಎಸ್‌ಟಿ ಹೊರತಾಗಿರಬೇಕೇ ಎಂಬುದನ್ನು ತಿಳಿಸಿ, ಅದರಂತೆ ತಿದ್ದುಪಡಿ ಹೊರಡಿಸಬೇಕೆಂದು ಕೋರುತ್ತೇನೆ.

ಇಷ್ಟೇ. ಪುಟ ಸಂಖ್ಯೆ ಇದೆ, ಎರಡೂ ಸಾಲುಗಳಿವೆ, ಎರಡು ಅರ್ಥಗಳಿಗೆ ಅ, ಆ ಎಂದು ಗುರುತಿದೆ. ಉತ್ತರಿಸುವ ಅಧಿಕಾರಿ ಎರಡರಲ್ಲಿ ಒಂದನ್ನು ಆರಿಸಲೇಬೇಕು. 'ದಸ್ತಾವೇಜಿನಂತೆ' ಎಂದರೆ, ದಸ್ತಾವೇಜೇ ಎರಡು ಮಾತಾಡುತ್ತಿದೆ ಎಂಬುದು ಅದೇ ಕಡತದಲ್ಲಿ ದಾಖಲಾಗಿರುತ್ತದೆ. ಪತ್ರದಲ್ಲಿ ಅಳಲು ಬೇಡ, ಹಿಂದಿನ ಕಾಮಗಾರಿಯ ತಕರಾರು ಬೇಡ, ಷರತ್ತು ಸಡಿಲಿಸಿ ಎಂಬ ಮನವಿಯಂತೂ ಬೇಡವೇ ಬೇಡ. ಸಡಿಲಿಕೆ ಕೇಳುವುದು ಬೇರೆ, ಅರ್ಥ ಕೇಳುವುದು ಬೇರೆ. ಎರಡನ್ನೂ ಒಂದೇ ಪತ್ರದಲ್ಲಿ ಬೆರೆಸಿದರೆ ಅಧಿಕಾರಿ ಮೊದಲನೆಯದನ್ನು ನಿರಾಕರಿಸಿ ಕೈತೊಳೆದುಕೊಳ್ಳುತ್ತಾರೆ.

ಅರ್ಹತೆಯ ಷರತ್ತಿನ ಪ್ರಶ್ನೆಯಲ್ಲಿ ಇನ್ನೊಂದು ಇಕ್ಕಟ್ಟಿದೆ. ಇದೇ ಸ್ವರೂಪದ ಒಂದು ಕಾಮಗಾರಿಯನ್ನು ಹಿಂದಿನ ಐದು ವರ್ಷಗಳಲ್ಲಿ ಮುಗಿಸಿರಬೇಕು ಎಂದಿದೆ ಎನ್ನಿ. ನಮ್ಮ ಗುತ್ತಿಗೆದಾರ ಕಟ್ಟಿರುವುದು ಒಂದು ಸಮುದಾಯ ಭವನ. ಅದು ಶಾಲಾ ಕೊಠಡಿಗೆ ಸಮಾನವೇ? ಕೇಳಿದರೆ ಇಲ್ಲ ಎನ್ನಬಹುದು, ಸುಮ್ಮನೆ ಹಾಕಿದರೆ ದಾಟಿಕೊಳ್ಳಬಹುದು ಎಂದು ಅನೇಕರು ಲೆಕ್ಕ ಹಾಕುತ್ತಾರೆ. ನನಗೆ ಈ ಲೆಕ್ಕ ಸರಿಕಾಣುವುದಿಲ್ಲ. ಸುಮ್ಮನೆ ದಾಟಿದವನ ಮೇಲೆ ಎರಡನೇ ಸ್ಥಾನದಲ್ಲಿರುವವನು ದೂರು ಕೊಡುತ್ತಾನೆ. ಆಗ ಅರ್ಥ ಹೇಳುವುದು ಇಲಾಖೆ, ಮತ್ತು ಟ್ಯಾಬ್ಲೆಟ್ ಪ್ರಕರಣದಂತೆ ಆ ಅರ್ಥವೇ ನಿಲ್ಲುತ್ತದೆ. ಮೊದಲೇ ಕೇಳಿ ಇಲ್ಲ ಎನ್ನಿಸಿಕೊಂಡರೆ ಹೋಗುವುದು ಒಂದು ಪತ್ರ ಬರೆದ ಶ್ರಮ. ಆಮೇಲೆ ತಿರಸ್ಕೃತನಾದರೆ ತಿಂಗಳುಗಟ್ಟಲೆ ಕಟ್ಟಿಹಾಕಿದ ಠೇವಣಿ, ಬ್ಯಾಂಕಿನ ಬಡ್ಡಿ, ವಕೀಲರ ಫೀಸು. ಕೇಳುವಾಗಲೂ ನನ್ನ ಸಮುದಾಯ ಭವನ ನಡೆಯುತ್ತದೆಯೇ ಎನ್ನಬೇಕಿಲ್ಲ. ಆರ್‌ಸಿಸಿ ಚೌಕಟ್ಟಿನ ಸಾರ್ವಜನಿಕ ಕಟ್ಟಡಗಳು ಇದೇ ಸ್ವರೂಪದ ಕಾಮಗಾರಿ ಎನಿಸುತ್ತವೆಯೇ, ಅಥವಾ ಶಾಲಾ ಕಟ್ಟಡಗಳು ಮಾತ್ರವೇ ಎಂದರೆ ಸಾಕು. ಉತ್ತರ ಎಲ್ಲ ಬಿಡ್ಡುದಾರರ ಕಣ್ಣಿಗೂ ಬೀಳುವುದರಿಂದ ನಿಮ್ಮ ದರದ ಲೆಕ್ಕ, ನಿಮ್ಮ ಬಲ, ನಿಮ್ಮ ಕೊರತೆ ಪ್ರಶ್ನೆಯಲ್ಲಿ ಇಣುಕಬಾರದು.

ಪತ್ರವನ್ನು ಪೋರ್ಟಲ್‌ನಲ್ಲಿ ಸ್ಪಷ್ಟೀಕರಣಕ್ಕೆ ಅವಕಾಶವಿದ್ದರೆ ಅಲ್ಲೇ ಹಾಕಿ, ಪ್ರಕಟಣೆಯಲ್ಲಿರುವ ಇ-ಮೇಲ್‌ಗೂ ಕಳಿಸಿ. ಒಂದು ಪ್ರತಿಯನ್ನು ಕಚೇರಿಯ ಟಪಾಲಿಗೆ ಕೊಟ್ಟು ನಕಲಿನ ಮೇಲೆ ಸ್ವೀಕೃತಿಯ ಮುದ್ರೆ, ದಿನಾಂಕ ಹಾಕಿಸಿಕೊಳ್ಳಿ. ಪತ್ರ ತಲುಪಿದ ದಿನ ಯಾವುದು ಎಂಬುದೇ ಮುಂದೆ ಪ್ರಶ್ನೆಯಾದಾಗ ಆ ಮುದ್ರೆ ಮಾತಾಡುತ್ತದೆ.

ದಿನಗಳ ಲೆಕ್ಕದಲ್ಲಿ ಒಂದು ದೊಡ್ಡ ತೊಡಕಿದೆ. ಮಾದರಿ ದಸ್ತಾವೇಜು 15 ದಿನ ಮೊದಲು ಕೇಳಿ ಎನ್ನುತ್ತದೆ. ಆದರೆ ಅಲ್ಪಾವಧಿ ಟೆಂಡರ್ ಎಂದು ಏಳೇ ದಿನ ಕೊಟ್ಟು ಕರೆಯುವ ಕಾಮಗಾರಿಗಳಲ್ಲೂ ಅದೇ ಮಾದರಿ, ಅದೇ 15 ದಿನದ ಸಾಲು ಉಳಿದಿರುತ್ತದೆ. ಏಳು ದಿನದ ಟೆಂಡರ್‌ನಲ್ಲಿ 15 ದಿನ ಮೊದಲು ಕೇಳುವುದು ಯಾರಿಂದಲೂ ಆಗದು. ಕೆಟಿಪಿಪಿ ನಿಯಮಗಳ ಪ್ರಕಾರ ಟೆಂಡರ್ ಅವಧಿ ಕಡಿಮೆ ಮಾಡಬೇಕಾದರೆ ಮೇಲಧಿಕಾರಿಯ ಅನುಮತಿ, ಲಿಖಿತ ಕಾರಣ ಎರಡೂ ಬೇಕು. ಅವಧಿ ಕಡಿಮೆ ಮಾಡಿದವರು ಪ್ರಶ್ನೆಗೆ ಸಮಯ ಎಲ್ಲಿ ಎಂಬುದನ್ನೂ ಹೇಳಬೇಕು. ಹೇಳದಿದ್ದರೆ ಮೊದಲ ದಿನವೇ ಪತ್ರ ಕೊಟ್ಟು, ಅದರಲ್ಲೇ ಸಲ್ಲಿಕೆಯ ದಿನಾಂಕ ಮುಂದೂಡುವಂತೆಯೂ ಕೇಳುವುದು ನ್ಯಾಯವಾದ ಬೇಡಿಕೆ.

ದೊಡ್ಡ ಕಾಮಗಾರಿಗಳಲ್ಲಿ ಪ್ರಿ-ಬಿಡ್ ಸಭೆ ಕರೆಯುತ್ತಾರೆ. ಅದಕ್ಕೆ ಹೋಗದಿದ್ದರೆ ಅನರ್ಹತೆ ಇಲ್ಲ, ಆದರೂ ಹೋಗುವುದು ಒಳ್ಳೆಯದು. ಬೇರೆಯವರ ಪ್ರಶ್ನೆಗಳಿಂದ, ನಮ್ಮ ಕಣ್ಣಿಗೆ ಬೀಳದ ಗೊಂದಲಗಳು ಗೊತ್ತಾಗುತ್ತವೆ. ಸಭೆಯ ಬಗ್ಗೆ ಬಹಳ ಜನ ತಪ್ಪು ತಿಳಿದಿರುವುದು ಒಂದಿದೆ. ಸಭೆಯಲ್ಲಿ ಅಧಿಕಾರಿ ಒಪ್ಪಿದರು, ನಡಾವಳಿಯಲ್ಲಿ ಬರೆದರು, ಅಲ್ಲಿಗೆ ಷರತ್ತು ಬದಲಾಯಿತು ಎಂದುಕೊಳ್ಳುತ್ತಾರೆ. ಕೆಡಬ್ಲ್ಯು-4 ಇದನ್ನು ಸ್ಪಷ್ಟವಾಗಿ ಅಲ್ಲಗಳೆಯುತ್ತದೆ. ದಸ್ತಾವೇಜಿನಲ್ಲಿ ಆಗಬೇಕಾದ ಯಾವ ಬದಲಾವಣೆಯೂ ಅಡೆಂಡಮ್ ಮೂಲಕವೇ ಆಗಬೇಕು, ಸಭೆಯ ನಡಾವಳಿಯ ಮೂಲಕ ಅಲ್ಲ. ಅಡೆಂಡಮ್ ಹೊರಬಿದ್ದರೆ ಅದು ದಸ್ತಾವೇಜಿನ ಭಾಗವೇ ಆಗುತ್ತದೆ. ನಡಾವಳಿ ಬರೀ ಮಾತಿನ ದಾಖಲೆ. ನಮ್ಮ ಉದಾಹರಣೆಯಲ್ಲಿ 'ಜಿಎಸ್‌ಟಿ ಪ್ರತ್ಯೇಕ' ಎಂದು ನಡಾವಳಿಯಲ್ಲಿ ಬಂದು ಅಡೆಂಡಮ್ ಬಾರದಿದ್ದರೆ, ಪುಟ 14ರ ಸಾಲು ಇನ್ನೂ ಜೀವಂತವಾಗಿದೆ. ಇನ್ನೊಂದು ಪತ್ರ ಬರೆದು ಅಡೆಂಡಮ್ ಕೇಳಲೇಬೇಕು.

ಅಡೆಂಡಮ್‌ಗಳು ಕೊನೆಯ ದಿನಗಳಲ್ಲಿ ಬರುವುದೂ ಉಂಟು. ಬಿಡ್ ಸಲ್ಲಿಸಿಯಾಯಿತೆಂದು ಪೋರ್ಟಲ್ ಮರೆತವರು, ಹೊಸ ಪ್ರಮಾಣಗಳ ಪಟ್ಟಿ ಬಂದದ್ದು ತಿಳಿಯದೆ ಹಳೆಯ ಪಟ್ಟಿಯ ದರದಲ್ಲೇ ಉಳಿದುಬಿಡುತ್ತಾರೆ. ಕೊನೆಯ ದಿನದ ಮಧ್ಯಾಹ್ನದವರೆಗೂ ನೋಡುತ್ತಿರಬೇಕು. ಬದಲಾವಣೆ ಇದ್ದರೆ ಸಲ್ಲಿಸಿದ ಬಿಡ್ಡನ್ನು ಹಿಂಪಡೆದು ಮತ್ತೆ ಸಲ್ಲಿಸಬೇಕಾಗಬಹುದು.

ಉತ್ತರವೇ ಬಾರದಿದ್ದರೆ? ಆಗುತ್ತದೆ, ಬಹಳ ಸಲ ಆಗುತ್ತದೆ. ಒಂದು ಜ್ಞಾಪನ ಪತ್ರ, ಅದರ ಪ್ರತಿ ಮೇಲಧಿಕಾರಿಗೆ. ಮಾಹಿತಿ ಹಕ್ಕಿನಲ್ಲಿ ಕೇಳುತ್ತೇನೆ ಎಂದರೆ ಅದಕ್ಕೆ 30 ದಿನದ ಗಡುವು, ಅಷ್ಟರಲ್ಲಿ ಟೆಂಡರ್ ತೆರೆದಿರುತ್ತದೆ. ಕೆಟಿಪಿಪಿ ಕಾಯ್ದೆಯ 16ನೇ ಕಲಮಿನ ಮೇಲ್ಮನವಿ ಇರುವುದು ಟೆಂಡರ್ ಅಂಗೀಕಾರದ ಆದೇಶದ ವಿರುದ್ಧ, ಉತ್ತರ ಕೊಡದ ಮೌನದ ವಿರುದ್ಧ ಅಲ್ಲ. ಹಾಗಾಗಿ ಉಳಿಯುವುದು ಎರಡೇ ದಾರಿ. ತನಗೆ ಕಠಿಣವಾಗುವ ಅರ್ಥವನ್ನೇ ಹಿಡಿದು ದರ ಬರೆಯುವುದು, ಅಂದರೆ ನಮ್ಮ ಗುತ್ತಿಗೆದಾರ 1.77 ಕೋಟಿ ಎಂದೇ ಬರೆಯಬೇಕು. ಇಲ್ಲವೇ ಆ ಟೆಂಡರ್ ಬಿಡುವುದು. ಕೆಲಸ ತಪ್ಪಬಹುದು, ಆದರೆ ಮನೆ ಮಾರುವ ಪರಿಸ್ಥಿತಿ ಬರುವುದಿಲ್ಲ. ಷರತ್ತೇ ಯಾರೋ ಒಬ್ಬರಿಗಾಗಿ ಹೊಲಿದಂತಿದ್ದರೆ ಹೈಕೋರ್ಟಿಗೆ ಹೋಗಬಹುದು. ಆದರೆ ಬಿಡ್ ಹಾಕಿ ಸೋತ ಮೇಲೆ ಹೋಗುವವರನ್ನು ನ್ಯಾಯಾಲಯಗಳು ಅಷ್ಟು ಸುಲಭವಾಗಿ ಪುರಸ್ಕರಿಸುವುದಿಲ್ಲ. ಮೊದಲೇ ಯಾಕೆ ಕೇಳಲಿಲ್ಲ ಎಂಬ ಪ್ರಶ್ನೆಗೆ ಮುದ್ರೆ ಬಿದ್ದ ಆ ನಕಲೇ ಉತ್ತರ.

ಪ್ರಶ್ನೆ ಕೇಳಿದರೆ ಕಚೇರಿಯವರ ಕಣ್ಣಿಗೆ ಬೀಳುತ್ತೇವೆ, ಮುಂದೆ ಬಿಲ್ ತಡೆಯುತ್ತಾರೆ ಎಂಬ ಭಯ ಸಣ್ಣ ಗುತ್ತಿಗೆದಾರರಲ್ಲಿದೆ. ಅದನ್ನು ಸುಳ್ಳು ಎನ್ನಲಾರೆ. ಉತ್ತರದಲ್ಲಿ ಹೆಸರಿಲ್ಲದಿದ್ದರೂ ಪತ್ರ ತೆಗೆದುಕೊಂಡ ಕಚೇರಿಗೆ ಹೆಸರು ಗೊತ್ತು. ಗುತ್ತಿಗೆದಾರರ ಸಂಘಗಳು ಸದಸ್ಯರ ಪರವಾಗಿ ಒಂದೇ ಪತ್ರದಲ್ಲಿ ಪ್ರಶ್ನೆಗಳನ್ನು ಕಳಿಸಿದರೆ ಈ ಭಯ ಅರ್ಧ ಕಡಿಮೆಯಾಗುತ್ತದೆ. ಇನ್ನರ್ಧ ಕಡಿಮೆ ಮಾಡುವುದು ಇಲಾಖೆಗಳ ಕೆಲಸ. ಪ್ರಶ್ನೆ ಕೇಳಿದವನು ಆ ಕಚೇರಿಗೆ ಉಪಕಾರವನ್ನೇ ಮಾಡಿದ್ದಾನೆ. ಅರ್ಧಕ್ಕೆ ನಿಂತ ಶಾಲೆ, ಮರುಟೆಂಡರ್, ಆಡಿಟ್ ಆಕ್ಷೇಪಣೆ, ಕೋರ್ಟ್ ಅಲೆದಾಟ ಎಲ್ಲ ತಪ್ಪುವುದು ಆ ಒಂದು ಪ್ರಶ್ನೆಯಿಂದ.

ಟೆಂಡರ್ ಕರೆಯುವ ಅಧಿಕಾರಿಗಳಲ್ಲಿ ಒಂದು ಬಿನ್ನಹ. ಪ್ರಕಟಣೆ ಹೊರಡಿಸುವ ಮುನ್ನ ಸೂಚನೆಗಳ ಭಾಗವನ್ನೂ ಶೆಡ್ಯೂಲ್ ಬಿ ಅಡಿಟಿಪ್ಪಣಿಗಳನ್ನೂ ಎದುರುಬದುರು ಇಟ್ಟು ಒಮ್ಮೆ ಓದಿ. ಪ್ರಶ್ನೆ ಬಂದಾಗ 'ದಸ್ತಾವೇಜಿನಂತೆ' ಎಂದು ಬರೆಯಬೇಡಿ. ಟೆಂಡರ್ ಹಾಕುವವರು ದಸ್ತಾವೇಜು ಇಳಿಸಿಕೊಂಡ ದಿನವೇ ಕ್ಯಾಲೆಂಡರ್‌ನಲ್ಲಿ ಕೊನೆಯ ದಿನದಿಂದ ಹಿಂದಕ್ಕೆ 15 ದಿನ ಎಣಿಸಿ ಗುರುತು ಹಾಕಿ, ಅದರೊಳಗೆ ನಿಮ್ಮ ಪತ್ರ ಟಪಾಲು ಸೇರಿರಲಿ.